ಅಂಡಾಶಯದ ನೀರುಗುಳ್ಳೆ: ಎಷ್ಟು ದಿನ ಕಾಯಬೇಕು, ಮಾತ್ರೆ ಯಾಕೆ, ಆಪರೇಷನ್ ಯಾವಾಗ

(ಮಹಿಳೆಯರ ಆರೋಗ್ಯ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತಿಗೆ ಒಂದು ಸ್ಕ್ಯಾನಿಂಗ್ ವರದಿಯನ್ನು ಮುಂದಿಟ್ಟುಕೊಳ್ಳೋಣ. ಇದು ವಿವರಣೆಗಾಗಿ ಮಾಡಿಕೊಂಡ ಉದಾಹರಣೆ, ಆದರೆ ಇಂಥ ವರದಿಗಳು ದಿನವೂ ಬರುತ್ತವೆ. ಹೆಣ್ಣುಮಗಳಿಗೆ 28 ವರ್ಷ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದೆ. ಮುಟ್ಟಾದ 22ನೇ ದಿನ ಎಡ ಕಿಬ್ಬೊಟ್ಟೆಯಲ್ಲಿ ನೋವು ಬಂತು, ಸ್ಕ್ಯಾನ್ ಮಾಡಿಸಿದರು. ವರದಿಯ ಕೊನೆಯ ಸಾಲು ಹೀಗಿದೆ: ‘ಎಡ ಅಂಡಾಶಯದಲ್ಲಿ 52 × 46 × 44 ಮಿಲಿಮೀಟರ್ ಗಾತ್ರದ ಹೆಮರೇಜಿಕ್ ಸಿಸ್ಟ್.’

ಈ ಸಾಲನ್ನು ಓದಿದ ಮನೆಯವರು ಮೂರು ಪ್ರಶ್ನೆ ಕೇಳುತ್ತಾರೆ. ಇದು ಕ್ಯಾನ್ಸರಾ? ಮಾತ್ರೆಯಲ್ಲಿ ಕರಗುತ್ತಾ? ಆಪರೇಷನ್ ಬೇಕಾ? ಮೂರಕ್ಕೂ ಉತ್ತರ ಸಿಗಬೇಕಾದರೆ ಆ ಗುಳ್ಳೆ ಹುಟ್ಟಿದ್ದು ಹೇಗೆ ಅಂತ ಮೊದಲು ನೋಡಬೇಕು. ಹುಟ್ಟಿದ ರೀತಿಯಲ್ಲೇ ಅದು ಹೋಗುವ ರೀತಿಯೂ ಇದೆ.

ಪ್ರತಿ ತಿಂಗಳೂ ಅಂಡಾಶಯದಲ್ಲಿ ಕೆಲವು ಸಣ್ಣ ನೀರಿನ ಚೀಲಗಳು ಬೆಳೆಯಲು ಶುರುಮಾಡುತ್ತವೆ. ಇವಕ್ಕೆ ಫಾಲಿಕಲ್ ಅನ್ನುತ್ತೇವೆ, ಒಂದೊಂದರೊಳಗೂ ಒಂದು ಅಂಡ ಇರುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಬಂದು ದಿನಕ್ಕೆ ಸುಮಾರು 2 ಮಿಲಿಮೀಟರ್‌ನಂತೆ ಹಿಗ್ಗುತ್ತದೆ. 18ರಿಂದ 25 ಮಿಲಿಮೀಟರ್ ಆಗುವ ಹೊತ್ತಿಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಏರುತ್ತದೆ, ಚೀಲ ಒಡೆದು ಅಂಡ ಹೊರಬರುತ್ತದೆ. ಅಂದರೆ ಎರಡು ಸೆಂಟಿಮೀಟರಿನ ನೀರುಗುಳ್ಳೆ ಇರುವುದು ಆರೋಗ್ಯವಂತ ಅಂಡಾಶಯದ ಲಕ್ಷಣವೇ. 3 ಸೆಂಟಿಮೀಟರ್‌ವರೆಗೆ ಇದನ್ನು ಸಿಸ್ಟ್ ಎಂದು ಕರೆಯಲೇಬಾರದು. ಕರೆದರೆ ಭಯ ಹುಟ್ಟುತ್ತದೆಯೇ ಹೊರತು ಬೇರೇನೂ ಉಪಯೋಗವಿಲ್ಲ.

ಕೆಲವು ತಿಂಗಳು ಚೀಲ ಒಡೆಯುವುದಿಲ್ಲ. ಒಳಗೆ ನೀರು ತುಂಬುತ್ತಲೇ ಹೋಗುತ್ತದೆ, 3 ಸೆಂಟಿಮೀಟರ್ ದಾಟುತ್ತದೆ. ಇದು ಫಾಲಿಕ್ಯುಲರ್ ಸಿಸ್ಟ್. ಆ ತಿಂಗಳು ಮುಟ್ಟು ತಡವಾಗುವುದೂ ಉಂಟು, ಏಕೆಂದರೆ ಅಂಡ ಬಿಡುಗಡೆ ಆಗಿಲ್ಲ. ಇನ್ನು ಕೆಲವು ತಿಂಗಳು ಚೀಲ ಸರಿಯಾಗಿಯೇ ಒಡೆಯುತ್ತದೆ, ತೊಡಕು ಬರುವುದು ಆಮೇಲೆ. ಒಡೆದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಹಳದಿ ಗ್ರಂಥಿ ಉಂಟಾಗುತ್ತದೆ. ಗರ್ಭ ನಿಲ್ಲಬೇಕಾದರೆ ಬೇಕಾಗುವ ಪ್ರೊಜೆಸ್ಟೆರಾನ್ ಹಾರ್ಮೋನನ್ನು ತಯಾರಿಸುವುದು ಇದರ ಕೆಲಸ. ಬರಿಯ ಎರಡು ವಾರದ ಬದುಕಿಗಾಗಿ ಅದರ ಗೋಡೆಯೊಳಗೆ ಹೊಸ ರಕ್ತನಾಳಗಳು ಬಹಳ ಬೇಗ ಬೆಳೆಯುತ್ತವೆ. ಹೊಸ ನಾಳಗಳ ಗೋಡೆ ತೆಳು. ಒಂದು ಬಿರಿದರೆ ರಕ್ತ ನಡುವಿನ ಪೊಳ್ಳಿನೊಳಕ್ಕೆ ಸೋರುತ್ತದೆ, ಗ್ರಂಥಿ ಊದಿಕೊಳ್ಳುತ್ತದೆ, ಹೊರಪೊರೆ ಬಿಗಿದು ನೋವು ಬರುತ್ತದೆ. ನಮ್ಮ ವರದಿಯ ಹೆಮರೇಜಿಕ್ ಸಿಸ್ಟ್ ಹೆಚ್ಚುಕಡಿಮೆ ಇದೇ. 22ನೇ ದಿನ ನೋವು ಬಂದಿದ್ದೂ ಇದಕ್ಕೆ ಹೊಂದುತ್ತದೆ.

ಗರ್ಭ ನಿಲ್ಲದಿದ್ದರೆ ಈ ಗ್ರಂಥಿಗೆ ಹಾರ್ಮೋನಿನ ಆಸರೆ ತಪ್ಪುತ್ತದೆ. ಅದರ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಒಳಗಿನ ರಕ್ತ ಹೆಪ್ಪುಗಟ್ಟಿ, ಹೆಪ್ಪು ಕರಗಿ, ದೇಹ ಅದನ್ನು ಹೀರಿಕೊಳ್ಳುತ್ತದೆ. ‘ಗುಳ್ಳೆ ತಾನಾಗಿಯೇ ಹೋಗುತ್ತದೆ’ ಅನ್ನುವ ಮಾತಿನ ಹಿಂದೆ ಇರುವುದು ಈ ಕ್ರಮ. ಬಹುತೇಕ ಎರಡು ಮೂರು ಮುಟ್ಟಿನೊಳಗೆ, ಅಂದರೆ 6ರಿಂದ 12 ವಾರದಲ್ಲಿ ಇದು ಮುಗಿಯುತ್ತದೆ.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ‘ನನಗೆ ಪಿಸಿಒಡಿ ಇದೆ, ಗುಳ್ಳೆ ಯಾವಾಗ ಕರಗುತ್ತದೆ’ ಅಂತ ಬಹಳ ಜನ ಕೇಳುತ್ತಾರೆ. ಪಿಸಿಒಡಿಯಲ್ಲಿ ಕಾಣುವುದು 2ರಿಂದ 9 ಮಿಲಿಮೀಟರಿನ, ಬೆಳವಣಿಗೆ ನಿಂತ ಹಲವಾರು ಫಾಲಿಕಲ್‌ಗಳು. ಅವು ಕರಗಬೇಕಾದ ಗುಳ್ಳೆಗಳೇ ಅಲ್ಲ, ಅದರ ಚಿಕಿತ್ಸೆಯ ದಾರಿಯೇ ಬೇರೆ. ಹಾಗೆಯೇ ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಿಂದ ಬರುವ ‘ಚಾಕೊಲೇಟ್ ಸಿಸ್ಟ್’, ಸಿಸ್ಟ್‌ಅಡಿನೋಮ ಎಂಬ ಗಡ್ಡೆ, ಇವು ಯಾವುವೂ ಮುಟ್ಟಿನ ಚಕ್ರದಿಂದ ಹುಟ್ಟಿದವಲ್ಲ. ಹಾಗಾಗಿ ಚಕ್ರ ಮುಗಿದಾಗ ಹೋಗುವುದೂ ಇಲ್ಲ. ಕಾಯುವುದರಿಂದ ನಮಗೆ ಸಿಗುವ ದೊಡ್ಡ ಲಾಭ ಇದು: ಮೂರು ತಿಂಗಳ ಹೊತ್ತಿಗೆ ಚಕ್ರದ ಗುಳ್ಳೆಗಳು ಬಹುಪಾಲು ಹೋಗಿಬಿಟ್ಟಿರುತ್ತವೆ, ಉಳಿದದ್ದು ಏನು ಎಂದು ಹುಡುಕಬೇಕಾಗುತ್ತದೆ.

ಅದಕ್ಕೂ ಮೊದಲು ಸ್ಕ್ಯಾನ್ ಚಿತ್ರವೇ ಸಾಕಷ್ಟು ಹೇಳುತ್ತದೆ. ವರದಿಯಲ್ಲಿ ‘ಸಿಂಪಲ್ ಸಿಸ್ಟ್’ ಎಂದಿದ್ದರೆ ತೆಳುವಾದ ನುಣುಪು ಗೋಡೆ, ಒಳಗೆ ಬರಿ ನೀರು, ಅಡ್ಡಗೋಡೆಯಿಲ್ಲ, ಗಟ್ಟಿ ಭಾಗವಿಲ್ಲ ಎಂದರ್ಥ. ಹೆರುವ ವಯಸ್ಸಿನವರಲ್ಲಿ ಇಂಥದ್ದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಹೆಮರೇಜಿಕ್ ಸಿಸ್ಟ್‌ನೊಳಗೆ ಸಣ್ಣ ಬಲೆಯಂಥ ಗೆರೆಗಳು ಕಾಣುತ್ತವೆ, ಇಲ್ಲವೇ ಅಂಚು ಒಳಬಾಗಿದ ಹೆಪ್ಪು ಕಾಣುತ್ತದೆ. ಡಾಪ್ಲರ್ ಹಾಕಿದರೆ ಸುತ್ತಲಿನ ಗೋಡೆಯಲ್ಲಿ ಉಂಗುರದಂತೆ ರಕ್ತದ ಹರಿವು ಕಾಣಬಹುದು, ಒಳಗಿನ ಗೆರೆಗಳಲ್ಲಿ ಹರಿವು ಇರುವುದಿಲ್ಲ. ಈ ಕೊನೆಯ ಮಾತು ಮುಖ್ಯ. ಗಟ್ಟಿಯಾಗಿ ಕಾಣುವ ಭಾಗದೊಳಗೇ ರಕ್ತ ಹರಿಯುತ್ತಿದ್ದರೆ ಅದು ಹೆಪ್ಪಲ್ಲ, ಜೀವಂತ ಅಂಗಾಂಶ. ಆಗ ಮೂರು ತಿಂಗಳು ಕಾಯುವ ಮಾತಿಲ್ಲ, ತಜ್ಞರಿಗೆ ತೋರಿಸಬೇಕು. ಚಾಕೊಲೇಟ್ ಸಿಸ್ಟ್‌ನ ಒಳಗು ಮಂಜು ಕವಿದ ಗಾಜಿನಂತೆ ಒಂದೇ ಸಮ ಕಾಣುತ್ತದೆ. ಹಳೆಯ ಹೆಮರೇಜಿಕ್ ಸಿಸ್ಟ್ ಕೂಡ ಕೆಲವೊಮ್ಮೆ ಹಾಗೇ ಕಾಣುವುದರಿಂದ ಒಂದೇ ಸ್ಕ್ಯಾನ್ ನೋಡಿ ‘ನಿಮಗೆ ಎಂಡೊಮೆಟ್ರಿಯೋಸಿಸ್’ ಎಂದು ಹೇಳಿಬಿಡುವುದು ಅವಸರವಾದೀತು.

ಇನ್ನು ಕಾಯುವ ಕ್ರಮ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2011ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಮುಟ್ಟು ನಿಲ್ಲದ ಹೆಂಗಸರಲ್ಲಿ 5 ಸೆಂಟಿಮೀಟರ್‌ಗಿಂತ ಸಣ್ಣ ಸಿಂಪಲ್ ಸಿಸ್ಟ್ ಇದ್ದರೆ ಮರು ಸ್ಕ್ಯಾನ್ ಕೂಡ ಬೇಕಿಲ್ಲ. 5ರಿಂದ 7 ಸೆಂಟಿಮೀಟರ್ ಇದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. 7 ದಾಟಿದರೆ ಎಂಆರ್‌ಐ ಅಥವಾ ಆಪರೇಷನ್ ಬಗ್ಗೆ ಯೋಚಿಸಬೇಕು. ಏಕೆಂದರೆ ಅಷ್ಟು ದೊಡ್ಡ ಗುಳ್ಳೆಯ ಮೂಲೆಮೂಲೆಯೂ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಪೂರ್ತಿ ಕಾಣುವ ಭರವಸೆಯಿಲ್ಲ. ನಮ್ಮ ಉದಾಹರಣೆಯಲ್ಲಿ ರಕ್ತವಿದೆ, ಗಾತ್ರ 5 ದಾಟಿದೆ, ನೋವೂ ಇದೆ. ಹಾಗಾಗಿ 6ರಿಂದ 12 ವಾರದೊಳಗೆ ಒಮ್ಮೆ ಮತ್ತೆ ನೋಡುವುದು ಸರಿ.

ಅದಕ್ಕೂ ದಿನ ಲೆಕ್ಕ ಹಾಕಿ ಹೋಗಬೇಕು. ಮುಟ್ಟಾದ ಮೊದಲ ದಿನವನ್ನು 1 ಎಂದು ಎಣಿಸಿ, 5ರಿಂದ 10ನೇ ದಿನದೊಳಗೆ ಮರು ಸ್ಕ್ಯಾನ್ ಮಾಡಿಸಿ. ಆಗ ಹಳೆಯ ಕಾರ್ಪಸ್ ಲೂಟಿಯಂ ಕುಗ್ಗಿರುತ್ತದೆ, ಹೊಸ ಫಾಲಿಕಲ್ ಇನ್ನೂ ಸಣ್ಣದಿರುತ್ತದೆ. ಮತ್ತೆ 22ನೇ ದಿನವೇ ಹೋದರೆ ಆ ತಿಂಗಳ ಹೊಸ ಕಾರ್ಪಸ್ ಲೂಟಿಯಂ ಕಾಣುತ್ತದೆ, ವರದಿಯಲ್ಲಿ ‘ಸಿಸ್ಟ್ ಇನ್ನೂ ಇದೆ’ ಎಂದು ಬರುತ್ತದೆ. ಹಳೆಯದು ಹೋಗಿ ಹೊಸದು ಬಂದಿರುವುದು ಯಾರಿಗೂ ತಿಳಿಯುವುದಿಲ್ಲ. ಹೀಗೆ ಬೇಡದ ಆಪರೇಷನ್‌ವರೆಗೂ ಹೋಗಿಬಿಡಬಹುದು. ‘15 ದಿನ ಬಿಟ್ಟು ಬನ್ನಿ’ ಎಂಬ ಸಲಹೆಯಲ್ಲೂ ಇದೇ ತೊಂದರೆ: ಹೆಪ್ಪು ಕರಗಲು ಅಷ್ಟು ದಿನ ಸಾಲದು. ಹಳೆಯ ವರದಿಯ ಜೊತೆ ಚಿತ್ರಗಳನ್ನೂ ಕೊಂಡೊಯ್ಯಿರಿ. ಮುಟ್ಟಿನ ಮೊದಲ ದಿನದ ತಾರೀಕನ್ನು ಸ್ಕ್ಯಾನ್ ಮಾಡುವವರಿಗೆ ತಪ್ಪದೆ ಹೇಳಿ.

ಮರು ಸ್ಕ್ಯಾನ್‌ನಲ್ಲಿ ಗುಳ್ಳೆ ಪೂರ್ತಿ ಮಾಯವಾಗದೆ 40 × 36 × 34 ಮಿಲಿಮೀಟರ್ ಆಗಿದೆ ಅನ್ನಿ. ‘52 ಇದ್ದದ್ದು 40 ಆಗಿದೆ, ಅಷ್ಟೇನಾ’ ಅನ್ನಿಸುತ್ತದೆ. ಆದರೆ ಅಳತೆ ಉದ್ದದ್ದು, ಕರಗಬೇಕಾದದ್ದು ಒಳಗಿನ ದ್ರವ. ಮೂರೂ ಅಳತೆಯನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಸುಮಾರಾಗಿ ಮಿಲಿಲೀಟರ್ ಸಿಗುತ್ತದೆ. ಮೊದಲು 5.2 × 4.6 × 4.4 ಅಂದರೆ ಸುಮಾರು 55 ಮಿಲಿ ಇತ್ತು. ಈಗ 4.0 × 3.6 × 3.4 ಅಂದರೆ ಸುಮಾರು 25 ಮಿಲಿ. ಅರ್ಧಕ್ಕಿಂತ ಹೆಚ್ಚು ಹೋಗಿದೆ, ಇನ್ನೊಂದು ಚಕ್ರ ಕಾಯಬಹುದು. ಅದೇ 52 ಹೋಗಿ 50 ಆಗಿದ್ದರೆ ಕುಗ್ಗಿದೆ ಎಂದು ಖುಷಿಪಡುವಂತಿಲ್ಲ. ಕೈ ಬದಲಾದರೆ, ಯಂತ್ರ ಬದಲಾದರೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ.

ಈ ನಡುವೆ ಅಂಡಾಶಯದ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಸಿಎ-125 ರಕ್ತಪರೀಕ್ಷೆ ಮಾಡಿಸಲೇ ಎಂಬ ಪ್ರಶ್ನೆ. ಮುಟ್ಟಾಗುವ ವಯಸ್ಸಿನಲ್ಲಿ ಸಿಂಪಲ್ ಸಿಸ್ಟ್ ಎಂದು ಖಚಿತವಾಗಿದ್ದರೆ ಬೇಡ. ಪರೀಕ್ಷೆಯಲ್ಲಿ ಬಂದ ಸಂಖ್ಯೆ 35ರ ಒಳಗಿದ್ದರೆ ಸಾಮಾನ್ಯ ಅನ್ನುತ್ತಾರೆ. ಆದರೆ ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ, ಫೈಬ್ರಾಯ್ಡ್‌ನಲ್ಲಿ, ಬಸುರಿನಲ್ಲಿ ಅದು ಏರುತ್ತದೆ. ಹೊಟ್ಟೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಅದರಲ್ಲಿ ಈ ಸಂಖ್ಯೆ ನೂರಾರು ಆಗಿ, ಹೊಟ್ಟೆಯಲ್ಲಿ ನೀರೂ ತುಂಬಿ, ಥೇಟ್ ಕ್ಯಾನ್ಸರಿನಂತೆ ಕಾಣುವುದುಂಟು. ಬೇಡದೆ ಮಾಡಿಸಿದ ಪರೀಕ್ಷೆಯಲ್ಲಿ 60 ಬಂತೆಂದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ, ಗುಳ್ಳೆಯ ಬಗ್ಗೆ ಮಾತ್ರ ಹೊಸದೇನೂ ಗೊತ್ತಾಗಿರುವುದಿಲ್ಲ. ಅದಕ್ಕಿಂತ ಮೊದಲು ಮಾಡಬೇಕಾದದ್ದು ಗರ್ಭಪರೀಕ್ಷೆ. ಹೊಟ್ಟೆ ನೋವು, ಅಂಡಾಶಯದ ಪಕ್ಕ ಗುಳ್ಳೆ, ಸುತ್ತ ಸ್ವಲ್ಪ ರಕ್ತ, ಇಷ್ಟೂ ಟ್ಯೂಬಿನಲ್ಲಿ ನಿಂತ ಗರ್ಭದಲ್ಲೂ ಕಾಣುತ್ತವೆ, ಅದು ಜೀವಕ್ಕೇ ಅಪಾಯ.

ಈಗ ಮಾತ್ರೆಯ ವಿಷಯ. ಜನರಲ್ಲಿ ಮಾತ್ರವಲ್ಲ, ವೈದ್ಯರಲ್ಲೂ ಇದರ ಬಗ್ಗೆ ಹಳೆಯ ನಂಬಿಕೆಯೊಂದು ಗಟ್ಟಿಯಾಗಿ ನಿಂತಿದೆ. 1970ರ ದಶಕದ ಗರ್ಭನಿರೋಧಕ ಮಾತ್ರೆಗಳಲ್ಲಿ ಈಸ್ಟ್ರೋಜನ್ ಪ್ರಮಾಣ ಈಗಿಗಿಂತ ಹೆಚ್ಚಿತ್ತು. ಅವನ್ನು ನುಂಗುವವರಲ್ಲಿ ಇಂಥ ಗುಳ್ಳೆಗಳು ಕಡಿಮೆ ಎಂದು ಕಂಡುಬಂತು. ಅದು ನಿಜವೇ. ಮಾತ್ರೆ ಪಿಟ್ಯುಟರಿಯ ಹಾರ್ಮೋನನ್ನು ತಗ್ಗಿಸುತ್ತದೆ, ಫಾಲಿಕಲ್ ಬೆಳೆಯುವುದಿಲ್ಲ, ಅಂಡ ಬಿಡುಗಡೆಯಾಗುವುದಿಲ್ಲ, ಹಾಗಾಗಿ ಅದರ ಉಳಿಕೆಯಾದ ಗುಳ್ಳೆಯೂ ಇಲ್ಲ. ಇಲ್ಲಿಂದ ‘ಬಾರದಂತೆ ತಡೆಯುವ ಮಾತ್ರೆ ಬಂದಿರುವುದನ್ನೂ ಕರಗಿಸುತ್ತದೆ’ ಎಂದು ಒಂದು ಹೆಜ್ಜೆ ಮುಂದೆ ಹಾರಿದರು. ಮಾತ್ರೆ ಕೊಟ್ಟರು, ಎರಡು ತಿಂಗಳಲ್ಲಿ ಗುಳ್ಳೆ ಹೋಯಿತು, ಹೆಸರು ಮಾತ್ರೆಗೆ ಬಂತು. ಕೊಡದಿದ್ದರೂ ಹೋಗುತ್ತಿತ್ತೇ ಎಂದು ಹೋಲಿಸಿ ನೋಡಿದವರು ಆಗ ಇರಲಿಲ್ಲ.

ಆಮೇಲೆ ಹೋಲಿಸಿದರು. ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಬರಿ ಕಾಯುವಿಕೆ, ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ. ಹೀಗೆ ನಾಲ್ಕು ದೇಶಗಳಲ್ಲಿ ನಡೆದ 8 ಪ್ರಯೋಗಗಳನ್ನು, ಒಟ್ಟು 686 ಹೆಂಗಸರನ್ನು, ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಒಟ್ಟುಗೂಡಿಸಿ ನೋಡಿತು. ಮಾತ್ರೆ ಕೊಟ್ಟವರಲ್ಲಿ ಗುಳ್ಳೆ ಬೇಗ ಕರಗಲಿಲ್ಲ. ಎರಡೂ ಕಡೆ ಬಹುತೇಕ ಗುಳ್ಳೆಗಳು ಕೆಲವೇ ಚಕ್ರಗಳಲ್ಲಿ ಹೋದವು. ಹೋಗದೆ ಉಳಿದವು ಹಲವು ಸಲ ಚಾಕೊಲೇಟ್ ಸಿಸ್ಟ್ ಅಥವಾ ಅಂಡಾಶಯದ ಪಕ್ಕದ ಗುಳ್ಳೆಯಾಗಿದ್ದವು. ಕಾರಣ ಊಹಿಸುವುದು ಕಷ್ಟವಲ್ಲ. ಒಮ್ಮೆ ತುಂಬಿಕೊಂಡ ನೀರು, ರಕ್ತ ಹೀರಿಕೆಯಾಗುವುದು ದೇಹದ ಕೆಲಸ, ಪಿಟ್ಯುಟರಿಯನ್ನು ತಗ್ಗಿಸಿದರೆ ಆ ಕೆಲಸ ವೇಗವಾಗಬೇಕೆಂದೇನಿಲ್ಲ.

ಹಾಗಾದರೆ ಮಾತ್ರೆಗೆ ಜಾಗವೇ ಇಲ್ಲವೇ? ಇದೆ, ಮುಂದಿನ ಗುಳ್ಳೆಯ ವಿಷಯದಲ್ಲಿ. ಕೆಲವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ನೋವಿನ ಹೆಮರೇಜಿಕ್ ಸಿಸ್ಟ್ ಬರುತ್ತಲೇ ಇರುತ್ತದೆ. ಅಂಥವರಿಗೆ ಅಂಡ ಬಿಡುಗಡೆಯನ್ನೇ ನಿಲ್ಲಿಸುವುದು ಅರ್ಥವುಳ್ಳ ಚಿಕಿತ್ಸೆ. ಗರ್ಭನಿರೋಧಕ ಹೇಗೂ ಬೇಕು ಅನ್ನುವವರಿಗೆ ಎರಡೂ ಒಟ್ಟಿಗೆ ಆಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಇದೇ ಜಾತಿಯದು. ಒಂದು ಹಾಳೆಯಲ್ಲಿ 28 ಮಾತ್ರೆ, ಅದರಲ್ಲಿ 21ರಲ್ಲಿ ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ ಮತ್ತು ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಉಳಿದ 7 ಕಬ್ಬಿಣದ ಮಾತ್ರೆ. ಮುಟ್ಟಾದ ಮೊದಲ ಐದು ದಿನದೊಳಗೆ ಶುರುಮಾಡಿ ದಿನಾ ಒಂದೇ ಹೊತ್ತಿಗೆ ನುಂಗಬೇಕು.

ಇಲ್ಲಿ ಎಡವುವುದು ಹೆಚ್ಚಾಗಿ ಹೊಸ ಹಾಳೆ ಶುರುವಾಗುವ ಕಡೆ. ಕಬ್ಬಿಣದ ಮಾತ್ರೆಯ ಏಳು ದಿನ ಹಾರ್ಮೋನ್ ಇರುವುದಿಲ್ಲ, ಆ ವಾರದಲ್ಲಿ ಅಂಡಾಶಯ ನಿಧಾನವಾಗಿ ಎಚ್ಚರಗೊಳ್ಳುತ್ತದೆ, ಒಂದು ಫಾಲಿಕಲ್ ಬೆಳೆಯಲು ಹೊರಡುತ್ತದೆ. ಎಂಟನೇ ದಿನ ಹೊಸ ಹಾಳೆ ಶುರುವಾದರೆ ಅದು ಅಲ್ಲೇ ನಿಲ್ಲುತ್ತದೆ. ‘ಅಂಗಡಿಗೆ ಹೋಗಲಾಗಲಿಲ್ಲ’ ಎಂದು ಎರಡು ಮೂರು ದಿನ ತಡವಾದರೆ ಅದು ಕೈಮೀರಿ ಬೆಳೆಯುತ್ತದೆ. ಮಾತ್ರೆ ನುಂಗುತ್ತಿದ್ದರೂ ಗುಳ್ಳೆ ಬಂತು, ಗರ್ಭವೂ ನಿಂತಿತು ಎಂಬ ದೂರುಗಳಲ್ಲಿ ಹಲವು ಇಲ್ಲಿ ಹುಟ್ಟಿದವು. ನಡುವೆ ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೆ ನುಂಗಿ. ಎರಡು ಅಥವಾ ಹೆಚ್ಚು ತಪ್ಪಿದರೆ ಮುಂದಿನ ಏಳು ದಿನ ಕಾಂಡೋಮ್ ಕೂಡ ಬೇಕು.

ಶುರುಮಾಡುವ ಮುಂಚೆ ಬಿಪಿ ನೋಡಿಸಲೇಬೇಕು. 140/90 ಅಥವಾ ಹೆಚ್ಚು ಇದ್ದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ, ಕಣ್ಣಿಗೆ ಮಿಂಚಿನಂತೆ ಕಂಡು ಆಮೇಲೆ ತಲೆಶೂಲೆ ಬರುವ ಮೈಗ್ರೇನ್ ಇದ್ದವರಿಗೆ, ಸ್ತನ ಕ್ಯಾನ್ಸರ್ ಆದವರಿಗೆ, 35 ದಾಟಿದ ಧೂಮಪಾನಿಗಳಿಗೆ, ಹೆರಿಗೆಯಾಗಿ ಆರು ವಾರ ಆಗದ, ಎದೆಹಾಲು ಕೊಡುವ ತಾಯಂದಿರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಸಲ್ಲದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಈ ಮಾತ್ರೆಯ ಬಲ ಕುಗ್ಗುತ್ತದೆ. ಮಾತ್ರೆ ನುಂಗುವಾಗ ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರುಗಟ್ಟುವುದು, ಹಿಂದೆಂದೂ ಬಾರದಂಥ ತಲೆನೋವು, ಇವುಗಳಲ್ಲಿ ಯಾವುದು ಬಂದರೂ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮಾತ್ರೆ ನಿಜವಾಗಿ ಜೀವ ಕಾಯುವ ಗುಂಪೊಂದಿದೆ, ಅದರ ಬಗ್ಗೆ ಮಾತು ಕಡಿಮೆ. ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವ ಹರೆಯದ ಹೆಂಗಸರು. ರುಮ್ಯಾಟಿಕ್ ಹೃದ್ರೋಗ ಇನ್ನೂ ಹೋಗದ ನಮ್ಮಲ್ಲಿ ಇವರ ಸಂಖ್ಯೆ ಸಣ್ಣದಲ್ಲ. ರಕ್ತ ತೆಳುವಾಗಿರುವಾಗ ಪ್ರತಿ ತಿಂಗಳೂ ಅಂಡಾಶಯದಲ್ಲಿ ಆಗುವ ಆ ಪುಟ್ಟ ಗಾಯ ನಿಲ್ಲದೆ ಸೋರಿ ಹೊಟ್ಟೆಯಲ್ಲಿ ರಕ್ತ ತುಂಬಿಕೊಳ್ಳಬಹುದು. ಇವರಿಗೆ ಅಂಡ ಬಿಡುಗಡೆ ನಿಲ್ಲಿಸಲೇಬೇಕು. ಆದರೆ ಈಸ್ಟ್ರೋಜನ್ ಹೆಪ್ಪುಗಟ್ಟಿಸುವ ಗುಣವುಳ್ಳದ್ದು, ಕೃತಕ ಕವಾಟಕ್ಕೆ ಅದು ಆಗದು. ಆದ್ದರಿಂದ ಬರಿ ಪ್ರೊಜೆಸ್ಟೋಜನ್‌ನ ದಾರಿ ಹುಡುಕುತ್ತಾರೆ. ದಿನಕ್ಕೆ 75 ಮೈಕ್ರೋಗ್ರಾಂನ ಡೆಸೊಜೆಸ್ಟ್ರೆಲ್ ಮಾತ್ರೆ, ಇಲ್ಲವೇ ಮೂರು ತಿಂಗಳಿಗೊಮ್ಮೆ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಚುಚ್ಚುಮದ್ದು, ಅಂದರೆ ಸರ್ಕಾರಿ ಯೋಜನೆಯ ‘ಅಂತರಾ’. ಯಾವುದು ಎಂಬುದನ್ನು ಹೃದ್ರೋಗ ತಜ್ಞರ ಜೊತೆ ಕೂತೇ ತೀರ್ಮಾನಿಸಬೇಕು. ರಕ್ತ ತೆಳುವಾದವರಲ್ಲಿ ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನ ಜಾಗದಲ್ಲೂ ರಕ್ತ ಕಟ್ಟಿಕೊಳ್ಳುತ್ತದೆ.

ಎಲ್ಲ ಹಾರ್ಮೋನೂ ಗುಳ್ಳೆಯನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. ಗರ್ಭಕೋಶದೊಳಗೆ ಇಡುವ ಲೆವೊನಾರ್ಜೆಸ್ಟ್ರೆಲ್ ಸಾಧನ ಹಾಕಿಸಿಕೊಂಡವರಲ್ಲಿ ಫಾಲಿಕ್ಯುಲರ್ ಸಿಸ್ಟ್ ಹೆಚ್ಚು ಕಾಣುತ್ತದೆ. ಅದು ಅಂಡಾಶಯವನ್ನು ಪೂರ್ತಿ ಮಲಗಿಸುವುದಿಲ್ಲ, ಆದರೆ ಫಾಲಿಕಲ್ ಒಡೆಯುವುದಕ್ಕೆ ಕೆಲವೊಮ್ಮೆ ಅಡ್ಡಿಯಾಗುತ್ತದೆ. ಆ ಗುಳ್ಳೆಗಳೂ ಎರಡು ಮೂರು ತಿಂಗಳಲ್ಲಿ ಹೋಗುತ್ತವೆ, ಸಾಧನ ತೆಗೆಸಬೇಕಿಲ್ಲ. ಮುಟ್ಟು ತಡವಾದಾಗ ಔಷಧದಂಗಡಿಯಲ್ಲೇ ಕೇಳಿ ತರುವ ನಾರೆಥಿಸ್ಟೆರಾನ್ 5 ಮಿಲಿಗ್ರಾಂ ಮಾತ್ರೆಯದು ಇನ್ನೊಂದು ಕಥೆ. ಐದಾರು ದಿನ ನುಂಗಿ ಬಿಟ್ಟರೆ ಮುಟ್ಟು ಬರುತ್ತದೆ, ‘ಎಲ್ಲಾ ಹೊರಗೆ ಹೋಯಿತು’ ಅಂದುಕೊಳ್ಳುತ್ತಾರೆ. ಹೊರಗೆ ಬಂದದ್ದು ಗರ್ಭಕೋಶದ ಒಳಪದರ. ಅಂಡಾಶಯದ ಗುಳ್ಳೆಗೆ ಆ ದಾರಿಯೇ ಇಲ್ಲ.

ನಮ್ಮ ಉದಾಹರಣೆಯ ಹೆಣ್ಣುಮಗಳಿಗೆ ಈಗ ಏನು ಹೇಳಬೇಕು? ಗರ್ಭಪರೀಕ್ಷೆ ನೆಗೆಟಿವ್, ನಾಡಿ, ಬಿಪಿ ಸರಿಯಿದೆ. ನೋವಿಗೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ಬೇಕಾದರೆ ಆರು ಗಂಟೆಗೊಮ್ಮೆ. ಮನೆಗೆಲಸ, ಆಫೀಸು ಬಿಡಬೇಕಿಲ್ಲ. ನೋವಿರುವ ಒಂದೆರಡು ವಾರ ಜಿಮ್, ಜಿಗಿತ, ಭಾರ ಎತ್ತುವುದು, ಸಂಭೋಗ ತಪ್ಪಿಸುವುದು ಲೇಸು. ಮುಂದಿನದನ್ನು ಬಿಟ್ಟು ಅದರಾಚೆಯ ಮುಟ್ಟಿನ 6ನೇ ದಿನ ಮರು ಸ್ಕ್ಯಾನ್. ಹಾರ್ಮೋನ್ ಮಾತ್ರೆ ಬೇಡ, ಆಕೆಗೆ ಗರ್ಭನಿರೋಧಕ ಬೇಕಿದ್ದರೆ ಮಾತು ಬೇರೆ. ಇಷ್ಟೇ. ಜೊತೆಗೆ, ಯಾವಾಗ ಓಡಿ ಬರಬೇಕು ಎಂಬುದನ್ನು ಬಿಡಿಸಿ ಹೇಳಬೇಕು.

ಅದರಲ್ಲಿ ಮೊದಲನೆಯದು ಅಂಡಾಶಯ ತಿರುಚಿಕೊಳ್ಳುವುದು. ಅಂಡಾಶಯ ಎರಡು ಕಟ್ಟುಗಳ ನಡುವೆ ತೂಗಿಕೊಂಡಿದೆ, ಗುಳ್ಳೆಯ ಭಾರ ಬಿದ್ದಾಗ, ಅದರಲ್ಲೂ 5 ಸೆಂಟಿಮೀಟರ್ ದಾಟಿದಾಗ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡುಬಿಡಬಹುದು. ಬಲಗಡೆ ಸ್ವಲ್ಪ ಹೆಚ್ಚು. ಎಡಗಡೆ ದೊಡ್ಡ ಕರುಳು ಜಾಗ ತುಂಬಿಕೊಂಡು ತಿರುಗಲು ಬಿಡುವುದಿಲ್ಲ. ಇದ್ದಕ್ಕಿದ್ದಂತೆ ಒಂದು ಕಡೆ ತಡೆಯಲಾಗದ ನೋವು, ಜೊತೆಗೆ ವಾಂತಿ. ನೋವು ಬಂದು ಹೋಗಿ ಮಾಡಬಹುದು, ಕಟ್ಟು ಅರ್ಧ ತಿರುಚಿ ಮತ್ತೆ ಬಿಚ್ಚಿಕೊಳ್ಳುವುದುಂಟು. ಗ್ಯಾಸ್ ಎಂದು ಮನೆಯಲ್ಲಿ ಕುಳಿತರೆ ಅಂಡಾಶಯ ಕೈತಪ್ಪುತ್ತದೆ. ಡಾಪ್ಲರ್‌ನಲ್ಲಿ ರಕ್ತ ಹರಿಯುತ್ತಿದೆ ಎಂದ ಮಾತ್ರಕ್ಕೆ ತಿರುಚಿಲ್ಲ ಎನ್ನಲಾಗದು. ತೆಳುಗೋಡೆಯ ಅಭಿಧಮನಿಗಳು ಮೊದಲು ಮುಚ್ಚುತ್ತವೆ, ಅಪಧಮನಿಯ ಹರಿವು ಕೆಲಕಾಲ ಇದ್ದೇ ಇರುತ್ತದೆ. ಹೊರಹೋಗಲಾರದ ರಕ್ತದಿಂದ ಅಂಡಾಶಯ ಊದಿ ಕಪ್ಪಾಗುತ್ತದೆ. ಹಾಗಾಗಿ ಲಕ್ಷಣ ನೋಡಿ ಅನುಮಾನ ಬಲವಾಗಿದ್ದರೆ ಗಂಟೆಗಳೊಳಗೆ, ಸಣ್ಣ ಗಾಯದಿಂದ ಹೊಟ್ಟೆಯೊಳಗೆ ಕ್ಯಾಮೆರಾ ಹಾಕುವ ಲ್ಯಾಪ್ರೋಸ್ಕೋಪಿ ಮಾಡಿ ನೋಡುವುದೇ ಸರಿ.

ಒಳಗೆ ನೋಡಿದಾಗ ಅಂಡಾಶಯ ಕಪ್ಪುನೀಲಿಯಾಗಿದ್ದರೆ ತೆಗೆದುಬಿಡುವುದು ಹಿಂದಿನ ಪದ್ಧತಿ. ಈಗ ತಿರುಚನ್ನು ಬಿಡಿಸಿ ಹಾಗೇ ಬಿಡುತ್ತಾರೆ. ಕಪ್ಪಾಗಿ ಕಂಡವುಗಳಲ್ಲಿ ಬಹುಪಾಲು ಚೇತರಿಸಿಕೊಂಡು ಮತ್ತೆ ಅಂಡ ಬೆಳೆಸುತ್ತವೆ. ಮಕ್ಕಳಾಗಬೇಕಾದ ಹುಡುಗಿಯ ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ‘ಅಂಡಾಶಯ ಉಳಿಸಲು ನೋಡುತ್ತೀರಾ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯದು ಗುಳ್ಳೆ ಒಡೆಯುವುದು. ಒಡೆದ ಕ್ಷಣ ಚುಚ್ಚಿದಂಥ ನೋವು, ಹಲವು ಸಲ ಸಂಭೋಗದ ಅಥವಾ ವ್ಯಾಯಾಮದ ನಂತರ. ಬರಿ ನೀರು ಚೆಲ್ಲಿದ್ದರೆ ಒಂದೆರಡು ದಿನದಲ್ಲಿ ನೋವು ತಗ್ಗುತ್ತದೆ. ರಕ್ತ ಸೋರಿದ್ದರೂ ಹೆಚ್ಚಿನವರಲ್ಲಿ ತಾನಾಗಿ ನಿಲ್ಲುತ್ತದೆ, ಆಸ್ಪತ್ರೆಯಲ್ಲಿ ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಹಿಮೋಗ್ಲೋಬಿನ್ ನೋಡಿ, ಸ್ಥಿರವಾಗಿದ್ದರೆ ಮನೆಗೆ ಕಳಿಸುತ್ತಾರೆ. ಎದ್ದು ನಿಂತಾಗ ತಲೆಸುತ್ತು, ಬೆವರು, ನಾಡಿ ಓಟ, ಮಲಗಿದರೆ ಭುಜದ ತುದಿಯಲ್ಲಿ ನೋವು, ಇವು ಹೊಟ್ಟೆಯಲ್ಲಿ ರಕ್ತ ಹೆಚ್ಚುತ್ತಿರುವ ಗುರುತು. ಭುಜ ನೋಯುವುದು ಯಾಕೆಂದರೆ ರಕ್ತ ಮೇಲಕ್ಕೆ ಹರಿದು ವಪೆಯನ್ನು ಕೆರಳಿಸುತ್ತದೆ, ಆ ನರದ ನೋವು ಭುಜದಲ್ಲಿ ತಿಳಿಯುತ್ತದೆ. ಆಗ ಆಪರೇಷನ್ ತಡಮಾಡುವಂತಿಲ್ಲ.

ತುರ್ತಿಲ್ಲದ ಆಪರೇಷನ್ನಿಗೆ ಕಾರಣಗಳು ಕೆಲವೇ. ಮೂರು ಚಕ್ರ ಕಳೆದರೂ ಕುಗ್ಗದೆ ಇರುವುದು, ಬೆಳೆಯುತ್ತಿರುವುದು, 7 ಸೆಂಟಿಮೀಟರ್ ದಾಟಿ ನಿಂತಿರುವುದು, ಒಳಗೆ ರಕ್ತ ಹರಿಯುವ ಗಟ್ಟಿ ಭಾಗವಿರುವುದು, ನೋವು ಬಿಡದೆ ಕಾಡುವುದು. ‘ಹೇಗೂ ಇದೆ, ತೆಗೆದುಬಿಡೋಣ’ ಎಂಬುದು ಕಾರಣವಲ್ಲ. ಡರ್ಮಾಯ್ಡ್‌ಗೆ ತನ್ನದೇ ಗಟ್ಟಿ ಗೋಡೆಯಿದೆ, ಅಂಡಾಶಯದಿಂದ ಸುಲಿದು ತೆಗೆಯಬಹುದು. ಕಾರ್ಪಸ್ ಲೂಟಿಯಂ ಗುಳ್ಳೆಗೆ ಅಂಥ ಬೇರೆ ಗೋಡೆ ಇಲ್ಲ, ಅದು ಅಂಡಾಶಯದ್ದೇ ಭಾಗ. ಸುಲಿಯಲು ಹೋದರೆ ಹರಿಯುತ್ತದೆ, ರಕ್ತ ಸುರಿಯುತ್ತದೆ, ನಿಲ್ಲಿಸಲು ಸುಟ್ಟರೆ ಪಕ್ಕದ ಒಳ್ಳೆಯ ಅಂಡಗಳೂ ಸುಡುತ್ತವೆ. ಇಷ್ಟೆಲ್ಲ ಮಾಡಿ ತೆಗೆದದ್ದು ಮುಂದಿನ ತಿಂಗಳು ತಾನಾಗಿ ಹೋಗಬೇಕಿದ್ದ ವಸ್ತು, ಅದರ ಮುಂದಿನ ತಿಂಗಳು ಇನ್ನೊಂದು ಬರಬಹುದು. ಸೂಜಿ ಹಾಕಿ ನೀರು ಎಳೆಯುವುದೂ ಪ್ರಯೋಜನವಿಲ್ಲ. ಚಕ್ರದ ಗುಳ್ಳೆಯಾದರೆ ಅದು ಬೇಕಿರಲಿಲ್ಲ, ಬೇರೆ ಜಾತಿಯದಾದರೆ ಗೋಡೆ ಉಳಿದಿರುವುದರಿಂದ ಅರ್ಧಕ್ಕಿಂತ ಹೆಚ್ಚು ಮತ್ತೆ ತುಂಬಿಕೊಳ್ಳುತ್ತವೆ.

ಬೇಕೇ ಬೇಕಾದಾಗ ಮಾಡುವುದು ಲ್ಯಾಪ್ರೋಸ್ಕೋಪಿ. ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳಲ್ಲಿ ಒಂದು ಸೆಂಟಿಮೀಟರಿನಷ್ಟು, ಕಿಬ್ಬೊಟ್ಟೆಯಲ್ಲಿ ಅರ್ಧ ಸೆಂಟಿಮೀಟರಿನ ಎರಡು ಮೂರು ಗಾಯ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ, ಅದಕ್ಕೇ ಒಂದೆರಡು ದಿನ ಭುಜ ನೋಯುತ್ತದೆ, ಹೆದರಬೇಕಿಲ್ಲ. ಗುಳ್ಳೆಯ ಗೋಡೆಯನ್ನಷ್ಟೇ ಸುಲಿದು, ಹೊಟ್ಟೆಯೊಳಗೆ ಚೆಲ್ಲದಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೊರತೆಗೆಯುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ, ಒಂದೆರಡು ವಾರದಲ್ಲಿ ಕೆಲಸಕ್ಕೆ. ಗುಳ್ಳೆ ಮಾತ್ರ ತೆಗೆಯುವುದೇ, ಅಂಡಾಶಯವನ್ನೇ ತೆಗೆಯುವುದೇ ಎಂಬುದು ಒಪ್ಪಿಗೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಲಿ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇವೆ.

ಒಬ್ಬ ತಾಯಿ ಕೇಳಿದ್ದು: ‘ಸೊಸೆಗೆ ಈಗ ಎರಡು ತಿಂಗಳು. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಜೊತೆ 4 ಸೆಂಟಿಮೀಟರ್ ಗುಳ್ಳೆಯೂ ಇದೆ ಅಂದ್ರು. ತೆಗೆಸೋದಾ ಮೇಡಂ?’

ಬೇಡಮ್ಮ. ಅದು ಹೆಚ್ಚಾಗಿ ಆ ಬಸುರನ್ನು ಕಾಯುತ್ತಿರುವ ಕಾರ್ಪಸ್ ಲೂಟಿಯಂ. ಮಾಸು ಹಾರ್ಮೋನ್ ತಯಾರಿಕೆಯನ್ನು ವಹಿಸಿಕೊಳ್ಳುವುದು ಏಳರಿಂದ ಒಂಬತ್ತನೇ ವಾರದ ಹೊತ್ತಿಗೆ. ಅಲ್ಲಿವರೆಗೆ ಬಸುರು ನಿಂತಿರುವುದೇ ಇದರ ಆಸರೆಯಲ್ಲಿ. 12ರಿಂದ 16ನೇ ವಾರದೊಳಗೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ತಿರುಚಿಕೊಂಡೋ ಇನ್ನೇನೋ ಆಗಿ ಹತ್ತು ವಾರಕ್ಕೆ ಮುಂಚೆ ಅದನ್ನು ತೆಗೆಯಲೇಬೇಕಾಗಿ ಬಂದರೆ ಪ್ರೊಜೆಸ್ಟೆರಾನನ್ನು ಹೊರಗಿನಿಂದ ಕೊಡಬೇಕು.

ಇನ್ನೊಬ್ಬರು: ‘ನನಗೆ 58. ಮುಟ್ಟು ನಿಂತು ಎಂಟು ವರ್ಷ ಆಯ್ತು. ನನಗೂ ಗುಳ್ಳೆ ಅಂತಾರೆ. ಇದೂ ಕಾದರೆ ಹೋಗುತ್ತಾ?’

ನಿಮ್ಮಲ್ಲಿ ಈಗ ಚಕ್ರ ಇಲ್ಲ, ಹಾಗಾಗಿ ಇವತ್ತು ಹೇಳಿದ ‘ಚಕ್ರದ ಗುಳ್ಳೆ, ಹೋಗುತ್ತದೆ’ ಎಂಬ ಲೆಕ್ಕ ನಿಮಗೆ ಹಾಕುವಂತಿಲ್ಲ. ಈ ವಯಸ್ಸಿನಲ್ಲಿ ಸಿಎ-125 ಬೇಕು, ಯೋನಿಯ ಮೂಲಕ ಮಾಡುವ ಸ್ಕ್ಯಾನೂ ಬೇಕು. ಒಂದೇ ಕಡೆ, ಒಂದೇ ಕೋಣೆಯ, ಬರಿ ನೀರಿನ, 5 ಸೆಂಟಿಮೀಟರ್‌ಗಿಂತ ಸಣ್ಣ ಗುಳ್ಳೆಯಾಗಿ, ರಕ್ತಪರೀಕ್ಷೆಯೂ ಸರಿಯಿದ್ದು, ನಿಮಗೆ ತೊಂದರೆ ಇಲ್ಲದಿದ್ದರೆ ಆಪರೇಷನ್ ಬೇಡ. 4ರಿಂದ 6 ತಿಂಗಳಿಗೊಮ್ಮೆ ನೋಡುತ್ತಾ ಒಂದು ವರ್ಷ ಬದಲಾಗದಿದ್ದರೆ ನೋಡುವುದನ್ನೂ ನಿಲ್ಲಿಸಬಹುದು. ಅಡ್ಡಗೋಡೆ, ಗಟ್ಟಿ ಭಾಗ, ಎರಡೂ ಕಡೆ ಗುಳ್ಳೆ, ಹೊಟ್ಟೆಯಲ್ಲಿ ನೀರು, ಇವುಗಳಲ್ಲಿ ಒಂದಿದ್ದರೂ ಊರಿನ ನರ್ಸಿಂಗ್ ಹೋಮಿನಲ್ಲಿ ಗುಳ್ಳೆ ಒಡೆದು ತೆಗೆಸಿಕೊಳ್ಳಬೇಡಿ. ಅದು ಕ್ಯಾನ್ಸರ್ ಆಗಿದ್ದರೆ ಒಡೆದು ಚೆಲ್ಲಿದ ಮೇಲೆ ರೋಗದ ಹಂತವೇ ಮೇಲೇರುತ್ತದೆ. ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರಚಿಕಿತ್ಸಕರು ಇರುವ ಕಡೆಗೆ, ಹಳೆಯ ವರದಿ, ಚಿತ್ರ ಎಲ್ಲ ಹಿಡಿದು ಹೋಗಿ.